ಎರಡನೆಯ ಬೀಗದ ಕೈ

ಚಿಲ್ಲರೆಯಮ್ಮನಿಗೆ ಮನುಷ್ಯರ ಮೇಲೆ ಅಂಥ ಗೌರವವೇನೂ ಇರಲಿಲ್ಲ. ಇಪ್ಪತ್ತೆಂಟು ವರ್ಷ ಬಸ್ ಕಂಡಕ್ಟರಾಗಿ ದುಡಿದವಳಿಗೆ ಅದು ಉಳಿಯುವುದೂ ಕಷ್ಟ. ಮೀಸೆ ಮೂಡುತ್ತಿರುವ ಮಗನನ್ನು ತೊಡೆಯ ಮೇಲೆ ಕೂರಿಸಿಕೊಂಡು ಐದೇ ವರ್ಷ ಎಂದು ಆಣೆ ಹಾಕುವ ತಾಯಂದಿರು, ಟಿಕೆಟ್ ಅಂದ ಕೂಡಲೇ ನಿದ್ದೆಗೆ ಜಾರುವ ಗಂಡಸರು, ಎರಡು ಸ್ಟಾಪಿನ ದಾರಿಗೆ ಐನೂರರ ನೋಟು ಚಾಚಿ ಕಿಟಕಿಯಾಚೆ ನೋಡುವ ದೊಡ್ಡಮನುಷ್ಯರು, ಎಲ್ಲರನ್ನೂ ಅವಳು ದಿನಕ್ಕೆ ಆರು ಟ್ರಿಪ್ಪಿನಂತೆ ಕಂಡಿದ್ದಳು. "ಚಿಲ್ಲರೆ ಕೊಡಿ, ಚಿಲ್ಲರೆ" ಎಂದು ಕೂಗಿ ಕೂಗಿಯೇ ಆ ಹೆಸರು ಅಂಟಿತ್ತು. ಅದಕ್ಕೆ ಇನ್ನೊಂದು ಅರ್ಥವೂ ಇದೆ, ಬೀದಿಯವರು ಯಾವ ಅರ್ಥದಲ್ಲಿ ಕರೆಯುತ್ತಾರೆ ಎಂಬುದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಬೀದಿಯವರ ಬಗ್ಗೆ ಅವಳ ಅಭಿಪ್ರಾಯವೂ ಅದಕ್ಕಿಂತ ಮೇಲಿರಲಿಲ್ಲವಾದ್ದರಿಂದ ಲೆಕ್ಕ ಚುಕ್ತಾ ಆಗಿತ್ತು.

ಅವಳ ಬೈಗುಳದಲ್ಲಿ ಎಲ್ಲಕ್ಕಿಂತ ಕಡೆಯದು "ಎಣಿಸೋಕೆ ಬರದವನು" ಎಂಬುದು. ಡಿಪೋದಲ್ಲಿ ದಿನದ ಕೊನೆಗೆ ಹಣ ಕಟ್ಟುವಾಗ ನೋಟುಗಳೆಲ್ಲ ಒಂದೇ ಮುಖವಾಗಿರಬೇಕು. ನೂರು ಎಷ್ಟು, ಐವತ್ತು ಎಷ್ಟು, ಹತ್ತು ಎಷ್ಟು ಎಂದು ಚೀಟಿಯಲ್ಲಿ ಬೇರೆ ಬೇರೆ ಬರೆಯಬೇಕು. ಟಿಕೆಟ್ಟಿನ ಲೆಕ್ಕಕ್ಕಿಂತ ಒಂದು ರೂಪಾಯಿ ಕಡಿಮೆ ಬಿದ್ದರೆ ಸಂಬಳದಲ್ಲಿ ಕಡಿತ. ಒಂದು ರೂಪಾಯಿ ಹೆಚ್ಚಿದ್ದರೂ ಕೈಕಟ್ಟಿ ನಿಂತು ಉತ್ತರ ಹೇಳಬೇಕು. ಇಷ್ಟು ಶಿಸ್ತಿನಲ್ಲಿ ಬೆಂದು ಬಂದವಳು ನಿವೃತ್ತಿಯಾದ ಮೇಲೆ ಬೀದಿಯ ಕೊನೆಯ ದೇವಸ್ಥಾನದಲ್ಲಿ ಹುಂಡಿ ಎಣಿಸುವ ಸೇವೆಗೆ ಹೆಸರು ಕೊಟ್ಟಳು. ಭಕ್ತಿ ಇತ್ತು, ಇಲ್ಲವೆಂದಲ್ಲ. ಆದರೆ ಕೈಬೆರಳುಗಳಿಗೆ ನೋಟಿನ ನೆನಪು ಅದಕ್ಕಿಂತ ಜಾಸ್ತಿ ಇತ್ತು.

ಮೊದಲ ದಿನವೇ ಅವಳಿಗೆ ಮೈಯೆಲ್ಲ ಉರಿದುಹೋಯಿತು.

ದೇವಸ್ಥಾನಕ್ಕೆ ಐವರು ಧರ್ಮದರ್ಶಿಗಳಿದ್ದರು. ಅಧ್ಯಕ್ಷರು ಟೈಲ್ಸ್ ಅಂಗಡಿಯ ಯಜಮಾನರು. ದೇವಸ್ಥಾನದ ನೆಲಕ್ಕೆ ಟೈಲ್ಸ್ ಹಾಕಿಸಿಕೊಟ್ಟು, ಆ ಟೈಲ್ಸಿನ ಮೇಲೆ ತಮ್ಮ ಹೆಸರನ್ನು ನಾಲ್ಕು ಕಡೆ ಕೆತ್ತಿಸಿದವರು. ಹಾಗಾಗಿ ಜನ ಒಳಗೆ ಹೋಗುವಾಗ ಅವರನ್ನು ನಾಲ್ಕು ಸಲ ತುಳಿದುಕೊಂಡೇ ಹೋಗುತ್ತಿದ್ದರು. ಖಜಾಂಚಿ ನಿವೃತ್ತ ಹೆಡ್‌ಮೇಷ್ಟ್ರು. ಸದಾ ಇಸ್ತ್ರಿ ಮಾಡಿದ ಬಿಳಿ ಅಂಗಿ, ಜೇಬಿನಲ್ಲಿ ಎರಡು ಪೆನ್ನು, ಯಾರೇ ಮಾತಾಡಿದರೂ ವ್ಯಾಕರಣ ತಿದ್ದುವ ಚಟ. ಮೂರನೆಯವರು ವಕೀಲರು. ಉಳಿದ ಇಬ್ಬರಿದ್ದದ್ದು ತಲೆಯಾಡಿಸಲಿಕ್ಕೆ, ಆ ಕೆಲಸವನ್ನು ಅವರು ನಿಷ್ಠೆಯಿಂದ ಮಾಡುತ್ತಿದ್ದರು.

ಆವತ್ತು ಬುಧವಾರ. ಮಧ್ಯಾಹ್ನ ಫೋನ್ ಮಾಡಿ ಬನ್ನಿ ಅಂದರು. ಹೋದರೆ ಅಧ್ಯಕ್ಷರಿಲ್ಲ, ವಕೀಲರಿಲ್ಲ. ಮೇಷ್ಟ್ರು ಒಬ್ಬರೇ ತಮ್ಮ ಗೊಂಚಲಿನಿಂದ ಒಂದಾದ ಮೇಲೊಂದರಂತೆ ಎರಡು ಬೀಗದ ಕೈ ತೆಗೆದು ಹುಂಡಿಯ ಎರಡು ಬೀಗವನ್ನೂ ಬಿಚ್ಚಿದರು. ಹಣವನ್ನು ಜಮಖಾನದ ಮೇಲೆ ಸುರುವಿದರು. ಎಣಿಸಲು ಕೂತವರು ಚಿಲ್ಲರೆಯಮ್ಮ, ಹೂವಿನ ಅಂಗಡಿಯವಳು ಮತ್ತು ಅರ್ಚಕರ ಭಾವಮೈದ. ಭಾವಮೈದ ಹತ್ತರ ನೋಟನ್ನೂ ಇಪ್ಪತ್ತರ ನೋಟನ್ನೂ ಒಂದೇ ಕಟ್ಟಿಗೆ ಸೇರಿಸಿ ರಬ್ಬರ್ ಬ್ಯಾಂಡ್ ಹಾಕುತ್ತಿದ್ದ. ಊಟದ ಹೊತ್ತಾಯಿತೆಂದು ನಡುವೆಯೇ ನಿಲ್ಲಿಸಿ, ಎಣಿಸದ ಹಣವನ್ನು ಪಂಚೆಯಲ್ಲಿ ಗಂಟು ಕಟ್ಟಿ ಆಫೀಸಿನಲ್ಲಿಟ್ಟರು. ಮರಳಿ ಬಂದು ಮುಗಿಸಿದಾಗ ಮೇಷ್ಟ್ರು ಬರೀ ಒಟ್ಟು ಮೊತ್ತವನ್ನು ಪೆನ್ಸಿಲಿನಲ್ಲಿ ದೊಡ್ಡದಾಗಿ ಬರೆದುಕೊಂಡು, ಒಂದು ಖಾಲಿ ಹಾಳೆ ಮುಂದೆ ಚಾಚಿ, ಎಲ್ಲರೂ ಸಹಿ ಮಾಡಿ, ಆಮೇಲೆ ನಾನು ತುಂಬಿಕೊಳ್ಳುತ್ತೇನೆ ಅಂದರು.

ಚಿಲ್ಲರೆಯಮ್ಮ ಸಹಿ ಹಾಕಿದಳು. ಹೊಸಬಳು, ಅದೂ ದೇವರ ಮುಂದೆ, ಮೊದಲ ದಿನವೇ ಜಗಳ ಯಾಕೆ ಎಂದುಕೊಂಡಳು. ಮುಂದಿನ ತಿಂಗಳೂ ಹಾಕಿದಳು. ಮೂರನೆಯ ತಿಂಗಳು ಪೆನ್ನು ಕೆಳಗಿಟ್ಟು, ಮೊದಲು ತುಂಬಿ, ಆಮೇಲೆ ಹಾಕ್ತೀನಿ ಅಂದಳು. ಮೇಷ್ಟ್ರು, "ಸರಿ, ನಿಮ್ಮದು ಬೇಡ ಬಿಡಿ" ಎಂದು ಹಾಳೆಯನ್ನು ಪಕ್ಕಕ್ಕೆ ಸರಿಸಿದರು. ಅಷ್ಟು ಸಲೀಸಾಗಿ ಅವಳ ಸಹಿಯ ಬೆಲೆ ಸೊನ್ನೆಯಾಯಿತು.

ಆ ದಿನದಿಂದ ಅವಳು ಮೇಷ್ಟ್ರನ್ನು ಗಮನಿಸತೊಡಗಿದಳು. ಆ ಮನುಷ್ಯ ಪ್ರತಿ ನೋಟಿನ ಅಂಚನ್ನೂ ಹೆಬ್ಬೆರಳಿನಿಂದ ಸವರುತ್ತಿದ್ದರು, ನಿಧಾನವಾಗಿ, ಎರಡೆರಡು ಸಲ. ಮನೆಗೆ ಬಂದು ಗಂಡನಿಗೆ ಹೇಳಿದಳು, "ದುಡ್ಡನ್ನ ಮುದ್ದು ಮಾಡ್ತಾರೆ ರೀ ಆ ಮನುಷ್ಯ. ಮೊಮ್ಮಗನ ಕೆನ್ನೆ ಸವರಿದ ಹಾಗೆ ಸವರ್ತಾರೆ. ನೋಡೋಕೆ ಆಗಲ್ಲ."

ಅವಳ ಗಂಡ ನಲವತ್ತು ವರ್ಷ ಕೋರ್ಟಿನ ಎದುರು ಟೈಪ್‌ರೈಟರ್ ಇಟ್ಟುಕೊಂಡು ಕೂತವನು. ಊರಿನ ಅರ್ಧದಷ್ಟು ಜಗಳ ಅವನ ಬೆರಳ ತುದಿಯಿಂದ ದಾಟಿ ಹೋಗಿತ್ತು. ಹೆಂಡತಿ ಹತ್ತು ಮಾತಾಡಿದರೆ ಒಂದು ಮಾತಾಡುವವನು, ಅದೂ ಅಲ್ಪವಿರಾಮ ಎಲ್ಲಿ ಬರಬೇಕೆಂದು ಯೋಚಿಸಿ.

ನಾಲ್ಕನೆಯ ತಿಂಗಳು ಅವಳು ಒಂದು ರಸೀದಿಗಾಗಿ ಆಫೀಸಿಗೆ ಹೋದಳು. ಎಣಿಕೆ ನಡೆದದ್ದು ಮಂಗಳವಾರ, ಅವತ್ತು ಶನಿವಾರ. ಮೇಷ್ಟ್ರು ರಸೀದಿ ಪುಸ್ತಕ ತೆಗೆಯಲು ಬೀರು ತೆರೆದಾಗ ಕೆಳಗಿನ ಅರೆಯಲ್ಲಿ ಒಂದು ಬಿಳಿ ಪಂಚೆಯ ಗಂಟು ಕಂಡಿತು. ಬೀರುವಿನ ಬಾಗಿಲು ಮುಚ್ಚಿದಾಗ ಅದರ ಹಿಂದೆ ಗೋಡೆಯಲ್ಲಿ ಕಟ್ಟು ಹಾಕಿಸಿದ ಒಂದು ಹಾಳೆ ಕಂಡಿತು. ಜೇಡರ ಬಲೆ ಕಟ್ಟಿದ ಗಾಜಿನೊಳಗೆ ಟ್ರಸ್ಟಿನ ನಿಯಮಾವಳಿ. ಮೇಷ್ಟ್ರು ದೊಡ್ಡ ದೊಡ್ಡ ಅಕ್ಷರದಲ್ಲಿ ನಿಧಾನವಾಗಿ ರಸೀದಿ ಬರೆಯುವ ತನಕ ಅವಳು ಅದನ್ನು ನಿಂತು ಓದಿದಳು. ಹುಂಡಿಯನ್ನು ತಿಂಗಳ ಮೊದಲ ಭಾನುವಾರ ತೆರೆಯತಕ್ಕದ್ದು. ಮೂರು ದಿನ ಮೊದಲು ಬೋರ್ಡಿನಲ್ಲಿ ತಿಳಿಸತಕ್ಕದ್ದು. ಒಂದು ಬೀಗದ ಕೈ ಅಧ್ಯಕ್ಷರಲ್ಲಿ, ಇನ್ನೊಂದು ಖಜಾಂಚಿಯಲ್ಲಿ, ತೆರೆಯುವಾಗ ಇಬ್ಬರೂ ಹಾಜರಿರತಕ್ಕದ್ದು. ಯಾವ ನೋಟು ಎಷ್ಟು ಎಂಬ ವಿವರದ ಪಟ್ಟಿಗೆ ಎಣಿಸಿದವರೆಲ್ಲರ ಸಹಿ ಇರತಕ್ಕದ್ದು. ಮಾರನೆಯ ಬ್ಯಾಂಕ್ ದಿನ ಹಣ ಜಮಾ ಮಾಡಿ ಚಲನ್ನಿನ ಪ್ರತಿಯನ್ನು ಬೋರ್ಡಿಗೆ ಹಾಕತಕ್ಕದ್ದು. ಇಷ್ಟೂ ಬರೆದು, ಗಾಜು ಹಾಕಿಸಿ, ಬೀರುವಿನ ಬಾಗಿಲ ಮರೆಗೆ ಬಿಟ್ಟುಬಿಟ್ಟಿದ್ದರು.

ಅವತ್ತೇ ಮಧ್ಯಾಹ್ನ ಅವಳು ಪತ್ರ ಬರೆದಳು. ನಾಲ್ಕು ಪುಟ. ಅದರಲ್ಲಿ "ಕಳ್ಳ" ಎಂಬ ಮಾತು ಏಳು ಸಲ, "ನಾಚಿಕೆಗೇಡು" ಐದು ಸಲ, "ದೇವರ ದುಡ್ಡು ತಿಂದು ದಕ್ಕಿಸಿಕೊಳ್ಳುವವರು" ಎರಡು ಸಲ ಬಂದಿತ್ತು. ಗಂಡನ ಮೇಜಿನ ಮೇಲೆ ಕುಕ್ಕಿ, ಟೈಪ್ ಮಾಡಿ ಅಂದಳು.

ಅವನು ಕನ್ನಡಕ ಹಾಕಿಕೊಂಡು ಮೊದಲಿನಿಂದ ಕೊನೆಯ ತನಕ ಓದಿದ. ಆಮೇಲೆ ಕೇಳಿದ, "ಮೇಷ್ಟ್ರು ತಗೊಂಡಿದ್ದನ್ನ ನೀನು ನೋಡಿದ್ಯಾ?"

"ನೋಡಬೇಕಾ? ಬುದ್ಧಿ ಇಲ್ವಾ ನಂಗೆ?"

"ಬುದ್ಧಿ ಆ ಇನ್‌ಸ್ಪೆಕ್ಟರಿಗೂ ಇತ್ತಲ್ಲ."

ಅವಳು ಕುರ್ಚಿ ಎಳೆದುಕೊಂಡು ಕೂತಳು. ಮೂವತ್ತರ ವಯಸ್ಸಿನಲ್ಲಿ, ಕೆಲಸಕ್ಕೆ ಸೇರಿದ ನಾಲ್ಕನೆಯ ವರ್ಷ, ತಪಾಸಣೆಯವರು ಬಸ್ಸು ಹತ್ತಿ ಅವಳ ಚೀಲ ಎಣಿಸಿದಾಗ ಹದಿನಾಲ್ಕು ರೂಪಾಯಿ ಹೆಚ್ಚಿತ್ತು. ಒಬ್ಬ ಮುದುಕ ಚಿಲ್ಲರೆ ತೆಗೆದುಕೊಳ್ಳದೆ ಇಳಿದುಹೋಗಿದ್ದ, ಅಷ್ಟೇ. ಇನ್‌ಸ್ಪೆಕ್ಟರ್ ಮಾತ್ರ ದುಡ್ಡು ತಗೊಂಡು ಟಿಕೆಟ್ ಹರಿಯದ ಪ್ರಕರಣ ಎಂದು ಬರೆದ. ಮೂರು ತಿಂಗಳು ಅಮಾನತ್ತು, ಇಲಾಖೆಯ ವಿಚಾರಣೆ. ಆರೋಪ ಸಾಬೀತಾಗಲಿಲ್ಲ ಎಂದು ಕೊನೆಗೆ ಒಂದು ಸಾಲಿನ ಕಾಗದ ಬಂತು. ಅಷ್ಟರಲ್ಲಿ ಡಿಪೋದ ತುಂಬ ಅವಳು ಹದಿನಾಲ್ಕು ರೂಪಾಯಿ ಕಳ್ಳಿಯಾಗಿದ್ದಳು. ಅವಳ ಅತ್ತೆ ಸಾಯುವ ತನಕ ಅವಳ ಎದುರು ಪರ್ಸು ತೆರೆಯಲಿಲ್ಲ. ವಿಚಾರಣೆಗೆ ಉತ್ತರ ಟೈಪ್ ಮಾಡಿಕೊಟ್ಟವನು ಇದೇ ಗಂಡ.

"ದೇವಸ್ಥಾನದಲ್ಲಿ ನೀನು ಏನು ನೋಡಿದ್ಯೋ ಅಷ್ಟನ್ನ ಹೇಳು," ಅಂದ. "ಯಾವತ್ತು, ಎಷ್ಟು ಹೊತ್ತಿಗೆ, ಯಾರಿದ್ರು, ಯಾರಿರಲಿಲ್ಲ. ನೋಡದೇ ಇದ್ದದ್ದನ್ನ ನೋಡಿಲ್ಲ ಅಂತ್ಲೇ ಹೇಳು. ಮಿಕ್ಕಿದ್ದು ಅವರ ತಲೆನೋವು."

ಮೂರು ದಿನ ಗಂಡ ಹೆಂಡಿರಿಗೆ ಅದೇ ಕೆಲಸ. ಅವಳು ಹೇಳುವುದು, ಅವನು ಒಂದೊಂದು ಪದಕ್ಕೂ ಬೆರಳು ಎತ್ತಿ ನಿಲ್ಲಿಸುವುದು. "ಬೇಕಂತಲೇ" ಎಂದಳು. ನಿನಗೆ ಹೇಗೆ ಗೊತ್ತು ಅಂದ. ಹೋಯಿತು. "ಯಾರಿಗೂ ತಿಳಿಯಬಾರದೆಂದು" ಎಂದಳು. ಅದೂ ಹೋಯಿತು. "ಗುಟ್ಟಾಗಿ" ಎಂಬುದಕ್ಕಾಗಿ ಒಂದು ಗಂಟೆ ಜಗಳವಾಡಿ, ಕೊನೆಗೆ ಅದರ ಜಾಗದಲ್ಲಿ "ಬೋರ್ಡಿನಲ್ಲಿ ಸೂಚನೆ ಇರಲಿಲ್ಲ" ಎಂದು ಹಾಕಿದರು. ನಾಲ್ಕು ಪುಟ ಒಂದೂವರೆ ಪುಟವಾಯಿತು. ಇಷ್ಟು ಸಪ್ಪೆ ಪತ್ರವನ್ನು ನಾಯಿಯೂ ಮೂಸುವುದಿಲ್ಲ ಎಂದು ಅವಳು ಗೊಣಗಿದಳು. ಪತ್ರ ಹೀಗಿತ್ತು:

"ಮಾನ್ಯ ಅಧ್ಯಕ್ಷರಿಗೆ ಮತ್ತು ಧರ್ಮದರ್ಶಿಗಳಿಗೆ ನಮಸ್ಕಾರಗಳು. ನಾನು ಕಳೆದ ನಾಲ್ಕು ತಿಂಗಳಿಂದ ಹುಂಡಿ ಎಣಿಕೆಯ ಸೇವೆಯಲ್ಲಿದ್ದೇನೆ. ಎಣಿಕೆ ನಡೆಯುವ ಕ್ರಮದ ಬಗ್ಗೆ ನಾನು ಕಂಡ ಕೆಲವು ಸಂಗತಿಗಳನ್ನು ತಮ್ಮ ಗಮನಕ್ಕೆ ತರಲು ಈ ಪತ್ರ.

ನಾನಿದ್ದ ನಾಲ್ಕು ಎಣಿಕೆಗಳೂ ವಾರದ ದಿನಗಳಲ್ಲಿ ನಡೆದವು, ದಿನಾಂಕಗಳನ್ನು ಕೆಳಗೆ ಬರೆದಿದ್ದೇನೆ. ನಾಲ್ಕೂ ಸಲ ಬೋರ್ಡಿನಲ್ಲಿ ಸೂಚನೆ ಇರಲಿಲ್ಲ. ನಾಲ್ಕೂ ಸಲ ಹುಂಡಿಯ ಎರಡು ಬೀಗಗಳನ್ನು ಒಬ್ಬರೇ ತೆರೆದರು. ಧರ್ಮದರ್ಶಿಗಳಲ್ಲಿ ಖಜಾಂಚಿಯವರ ಹೊರತು ಬೇರೆ ಯಾರೂ ಇರಲಿಲ್ಲ. ನೋಟುಗಳ ವಿವರದ ಪಟ್ಟಿ ಮಾಡಲಿಲ್ಲ, ಒಟ್ಟು ಮೊತ್ತವನ್ನು ಪೆನ್ಸಿಲಿನಲ್ಲಿ ಬರೆಯಲಾಯಿತು. ಮೊದಲ ಎರಡು ಸಲ ನಾನು ಖಾಲಿ ಹಾಳೆಗೆ ಸಹಿ ಹಾಕಿದ್ದೇನೆ. ಅದು ನನ್ನ ತಪ್ಪು. ನಂತರದ ಎರಡು ಸಲ ಹಾಕಿಲ್ಲ.

ಕೊನೆಯ ಎಣಿಕೆಯ ನಾಲ್ಕು ದಿನದ ನಂತರ ಆಫೀಸಿನ ಬೀರುವಿನಲ್ಲಿ ಬಿಳಿ ಬಟ್ಟೆಯ ಗಂಟೊಂದನ್ನು ಕಂಡೆ. ಅದು ಎಣಿಕೆಯ ಹಣದ ಗಂಟೇ ಎಂದು ನಾನು ಹೇಳಲಾರೆ. ಬೋರ್ಡಿನಲ್ಲಿ ಬ್ಯಾಂಕ್ ಚಲನ್ನಿನ ಪ್ರತಿ ಎಂಟು ತಿಂಗಳಿಂದ ಇಲ್ಲ. ಹಣ ಜಮಾ ಆಗಿಲ್ಲ ಎಂದು ಇದರ ಅರ್ಥವಲ್ಲ. ಆಗಿರುವುದು ನನಗೆ ತಿಳಿದಿಲ್ಲ, ಅಷ್ಟೇ.

ಟ್ರಸ್ಟಿನ ನಿಯಮಾವಳಿಯ ಪ್ರತಿ ಆಫೀಸಿನ ಗೋಡೆಯಲ್ಲಿದೆ. ಮೇಲಿನ ಸಂಗತಿಗಳು ಅದಕ್ಕೆ ಹೊಂದುತ್ತಿಲ್ಲ. ನಾನು ಯಾರ ಮೇಲೂ ದೂರು ಹೇಳುತ್ತಿಲ್ಲ. ಹಣ ಕಡಿಮೆಯಾಗಿದೆ ಎಂದು ಹೇಳಲು ನನ್ನಲ್ಲಿ ಆಧಾರವಿಲ್ಲ. ಸರಿಯಾಗಿದೆ ಎಂದು ದೃಡೀಕರಿಸಲೂ ಯಾರಲ್ಲೂ ಆಧಾರ ಉಳಿಯದಂತೆ ಎಣಿಕೆ ನಡೆಯುತ್ತಿದೆ ಎಂಬುದೇ ನನ್ನ ಕಳವಳ. ನಾನು ಬರೆದದ್ದರಲ್ಲಿ ತಪ್ಪಿದ್ದರೆ ತಿಳಿಸಿ, ತಿದ್ದಿಕೊಳ್ಳುತ್ತೇನೆ. ನಿಯಮದಂತೆ ಎಣಿಕೆ ನಡೆಸಬೇಕೆಂದೂ, ಈ ಎಂಟು ತಿಂಗಳ ಲೆಕ್ಕವನ್ನು ಬ್ಯಾಂಕಿನ ಪುಸ್ತಕದೊಂದಿಗೆ ಒಮ್ಮೆ ತಾಳೆ ನೋಡಬೇಕೆಂದೂ ಕೋರುತ್ತೇನೆ."

ಐದು ಪ್ರತಿ ಮಾಡಿ ಐವರಿಗೂ ಕೈಯಾರೆ ಕೊಟ್ಟು, ಆರನೆಯದರ ಮೇಲೆ ಐವರ ಸಹಿ ತೆಗೆದುಕೊಂಡಳು. ತಲೆಯಾಡಿಸುವವರಿಬ್ಬರೂ ಓದದೆಯೇ ಸಹಿ ಹಾಕಿದರು. ಅಧ್ಯಕ್ಷರು ಟೈಲ್ಸಿನ ಸ್ಯಾಂಪಲ್ಲುಗಳ ನಡುವೆ ನಿಂತು, ಯಾವುದೋ ವಂತಿಗೆಯ ಪತ್ರವೆಂದುಕೊಂಡು, "ಎಷ್ಟು ಬರೀಲಮ್ಮ?" ಎಂದು ಕೇಳಿದರು.

ಭಾನುವಾರ ಬೆಳಿಗ್ಗೆ ಹತ್ತಕ್ಕೆ ಸಭೆಗೆ ಕರೆದರು. ದೇವಸ್ಥಾನದ ಆಫೀಸೆಂದರೆ ಒಂದು ಮೇಜು, ಆರು ಪ್ಲಾಸ್ಟಿಕ್ ಕುರ್ಚಿ, ಆ ಬೀರು ಮತ್ತು ತಿರುಗುವುದಕ್ಕಿಂತ ಹೆಚ್ಚು ಸದ್ದು ಮಾಡುವ ಒಂದು ಫ್ಯಾನು. ಗಂಡನನ್ನೂ ಕರೆದುಕೊಂಡು ಹೋಗಿದ್ದಳು. ಅವನಿಗೆ ಕುರ್ಚಿ ಇಲ್ಲದೆ ಬಾಗಿಲಿಗೆ ಒರಗಿ ನಿಂತ.

ಅಧ್ಯಕ್ಷರ ಮುಖ ಕೆಂಪಾಗಿತ್ತು. ತಾವು ಈ ದೇವಸ್ಥಾನಕ್ಕೆ ಎಷ್ಟು ಕೊಟ್ಟಿದ್ದೇವೆ, ತಮ್ಮ ತಂದೆ ಎಷ್ಟು ಕೊಟ್ಟಿದ್ದರು ಎಂಬಲ್ಲಿಂದ ಶುರುಮಾಡಿದರು. ಚಿಲ್ಲರೆಯಮ್ಮ ಇಂಥ ಭಾಷಣವನ್ನು ಪಾಸ್ ತೋರಿಸದ ಪ್ರಯಾಣಿಕರಿಂದ ಎಷ್ಟೋ ಕೇಳಿದ್ದಳು. ಅವರೂ ಮೊದಲು ಮಾವನ ಹುದ್ದೆ ಹೇಳುತ್ತಾರೆ. ಮುಗಿಯುವ ತನಕ ಮೇಜಿನ ಮೇಲಿನ ಧೂಳಿನಲ್ಲಿ ಬೆರಳಿಂದ ಒಂದು ಗೆರೆ ಎಳೆದಳು.

"ಈ ವಯಸ್ಸಲ್ಲಿ ನಮ್ಮನ್ನ ಕಳ್ಳರು ಅಂತ ಕರೆಸಿಕೊಳ್ಳಬೇಕಾಯ್ತು," ಎಂದರು ಅಧ್ಯಕ್ಷರು.

"ಎಲ್ಲಿ ಬರೆದಿದೀನಿ, ತೋರಿಸಿ."

ಅಧ್ಯಕ್ಷರು ಪತ್ರವನ್ನು ಹಿಂದೆ ಮುಂದೆ ಮಗುಚಿದರು. ಕಳ್ಳ ಎಂಬ ಪದವಿಲ್ಲ. ಕದ್ದ, ತಿಂದ, ನುಂಗಿದ ಯಾವುದೂ ಇಲ್ಲ. ತಮ್ಮ ಹೆಸರನ್ನು ನಾಲ್ಕು ಕಡೆ ಕೆತ್ತಿಸಿಕೊಂಡವರಿಗೆ ತಮಗೆ ಬೇಕಾದ ಒಂದು ಪದ ಎಲ್ಲೂ ಸಿಗಲಿಲ್ಲ. ಪತ್ರವನ್ನು ವಕೀಲರ ಕಡೆ ತಳ್ಳಿದರು. ವಕೀಲರು ಅದನ್ನು ಆಗಲೇ ನಾಲ್ಕು ಸಲ ಓದಿದ್ದರು. ಇದರಲ್ಲಿ ಹಿಡಿಯೋಕೆ ಏನೂ ಇಲ್ಲ, ಎಂದರು ಸಣ್ಣ ದನಿಯಲ್ಲಿ. ಆಮೇಲೆ ಬಾಗಿಲಲ್ಲಿ ನಿಂತವನತ್ತ ಒಮ್ಮೆ ನೋಡಿದರು. ಅವರ ಎಷ್ಟೋ ಅರ್ಜಿಗಳನ್ನು ಟೈಪ್ ಮಾಡಿದವನೂ, ತಪ್ಪು ತಿದ್ದಿದವನೂ ಅವನೇ.

"ಹಾಗಾದ್ರೆ ಮೇಷ್ಟ್ರೇ ಹೇಳಲಿ," ಎಂದು ಅಧ್ಯಕ್ಷರು ಪತ್ರವನ್ನು ಖಜಾಂಚಿಯ ಮುಂದಿಟ್ಟರು. "ಎಣಿಸೋರು ಅವರು. ಇದರಲ್ಲಿ ಯಾವ ಸಾಲು ಸುಳ್ಳು ಅಂತ ಅವರೇ ಓದಿ ಹೇಳಲಿ."

ಮೇಷ್ಟ್ರು ಪತ್ರ ಕೈಗೆ ತೆಗೆದುಕೊಂಡರು. ನಿನ್ನೆಯೇ ಓದಿದ್ದೇನೆ, ಮತ್ತೆ ಓದುವುದೇನಿದೆ ಅಂದರು. ಹಾಗೆನ್ನುತ್ತ ಅವರ ಹೆಬ್ಬೆರಳು ಹಾಳೆಯ ಅಂಚನ್ನು ಸವರಿತು, ನಿಧಾನವಾಗಿ, ಎರಡು ಸಲ.

ಚಿಲ್ಲರೆಯಮ್ಮನ ಕಣ್ಣು ಆ ಹೆಬ್ಬೆರಳಿನ ಮೇಲೆ ನಿಂತಿತು. ಇಪ್ಪತ್ತೆಂಟು ವರ್ಷದಲ್ಲಿ ಎಷ್ಟು ಜನ ಕಣ್ಣು ಕಾಣದವರು ಅವಳ ಬಸ್ಸು ಹತ್ತಿದ್ದರು. ಅವರು ನೋಟು ಕೊಡುವ ಮೊದಲು ಹೀಗೇ ಅಂಚು ಸವರಿ, ಉದ್ದಗಲ ಅಳೆದು, ಇದು ಹತ್ತೋ ಇಪ್ಪತ್ತೋ ಎಂದು ತಿಳಿದುಕೊಳ್ಳುತ್ತಿದ್ದರು. ನಾಲ್ಕು ತಿಂಗಳು ಎದುರೇ ಕೂತು ನೋಡಿಯೂ ಅವಳಿಗೆ ಅದು ಹೊಳೆದಿರಲಿಲ್ಲ. ಬೇರೆಯವರ ಕಣ್ಣಿನ ಬಗ್ಗೆ ಯೋಚಿಸಲು ಅವಳಿಗೆ ತನ್ನ ತಿರಸ್ಕಾರದಿಂದ ಬಿಡುವಾಗಿರಲಿಲ್ಲ. ಮೊದಲ ಬಾರಿಗೆ ಅವಳಿಗೆ ಆ ನಾಲ್ಕು ಪುಟದ ಪತ್ರ ನೆನಪಾಗಿ ನಾಚಿಕೆಯಾಯಿತು. ಅದು ಹೋಗಿದ್ದರೆ, ತಾನೂ ಆ ಇನ್‌ಸ್ಪೆಕ್ಟರೂ ಒಂದೇ.

ಮೇಷ್ಟ್ರೇ ಪತ್ರವನ್ನು ಮೇಜಿನ ಮೇಲಿಟ್ಟು ಹೇಳಿದರು, "ಇದನ್ನ ನಾನು ಓದಿಲ್ಲ. ನನಗೆ ಅಕ್ಷರ ಕಾಣಲ್ಲ. ಎಂಟು ತಿಂಗಳಾಯ್ತು."

ಮಿಕ್ಕದ್ದನ್ನು ಮೇಷ್ಟ್ರು ತಲೆ ತಗ್ಗಿಸಿಕೊಂಡು, ಆದರೆ ಪೂರ್ಣ ವಾಕ್ಯಗಳಲ್ಲಿ ಹೇಳಿದರು. ಎರಡೂ ಕಣ್ಣಿಗೆ ಪೊರೆ. ಆಪರೇಷನ್ ಎಂದರೆ ಹೆದರಿಕೆ. ನಲವತ್ತು ವರ್ಷ ಮಕ್ಕಳ ತಪ್ಪು ತಿದ್ದಿದವನು ತನಗೆ ಕಾಣುವುದಿಲ್ಲ ಎಂದು ಹೇಳಿಕೊಳ್ಳುವುದಾದರೂ ಹೇಗೆ. ಆದ್ದರಿಂದ ಜನ ಕಡಿಮೆ ಇರುವ ದಿನ ಹುಂಡಿ ತೆರೆಯುತ್ತಿದ್ದರು. ಪಟ್ಟಿ ಬರೆಯಲಾಗದೆ ಒಟ್ಟನ್ನು ಮಾತ್ರ ದಪ್ಪ ಪೆನ್ಸಿಲಿನಲ್ಲಿ ಬರೆದುಕೊಳ್ಳುತ್ತಿದ್ದರು. ಬ್ಯಾಂಕಿಗೆ ಕೊಡುವ ಮೊದಲು ಬಾಗಿಲು ಹಾಕಿಕೊಂಡು, ಎಲ್ಲವನ್ನೂ ಸವರಿ ಸವರಿ ಮತ್ತೊಮ್ಮೆ ಎಣಿಸುತ್ತಿದ್ದರು. ಅದಕ್ಕೆ ಮೂರು ನಾಲ್ಕು ದಿನ ಹಿಡಿಯುತ್ತಿತ್ತು.

ತಲೆಯಾಡಿಸುವವರು ಈ ಸಲ ಯಾವ ಕಡೆಗೆ ಆಡಿಸಬೇಕೆಂದು ತಿಳಿಯದೆ ಅಧ್ಯಕ್ಷರ ಮುಖ ನೋಡಿದರು. ಅಧ್ಯಕ್ಷರ ಮುಖದ ಕೆಂಪು ಆಗಲೇ ಇಳಿದಿತ್ತು. ಅಲ್ಲಿ ಒಂದು ನೆಮ್ಮದಿ ಬಂದು ಕೂತಿತ್ತು. ಇಷ್ಟೇ ತಾನೇ ವಿಷಯ, ಎಂದರು. ಮೇಷ್ಟ್ರು ಇವತ್ತೇ ರಾಜೀನಾಮೆ ಕೊಡಲಿ, ಇದೆಲ್ಲ ಖಜಾಂಚಿಯವರ ಲೋಪದಿಂದ ಆಯಿತು ಎಂದು ನಡವಳಿ ಪುಸ್ತಕದಲ್ಲಿ ಒಂದು ಸಾಲು ಬರೆದುಬಿಡೋಣ, ಪತ್ರ ಅಲ್ಲಿಗೆ ಮುಗೀತು. ಹೀಗೆಂದು ಪೆನ್ನಿನ ಟೋಪಿಯನ್ನೂ ತೆಗೆದರು.

ಚಿಲ್ಲರೆಯಮ್ಮ ಆ ಪೆನ್ನನ್ನೇ ನೋಡಿದಳು. ಜೀವಮಾನದಲ್ಲಿ ಅವಳು ಅನೇಕರನ್ನು ಕೀಳಾಗಿ ಕಂಡಿದ್ದಳು, ಆದರೆ ಒಬ್ಬರನ್ನು ಅಳೆಯಲು ಇಷ್ಟು ಕಡಿಮೆ ಹೊತ್ತು ಎಂದೂ ಹಿಡಿದಿರಲಿಲ್ಲ. ನಿಜವಾಗಿ ಕದಿಯುವವನು ಕೂಡ ಒಂದಿಷ್ಟು ಮೈಬಗ್ಗಿಸಿ ಕೆಲಸ ಮಾಡಬೇಕಾಗುತ್ತದೆ. ಈ ಮನುಷ್ಯ ಅಷ್ಟನ್ನೂ ಮಾಡಿದವನಲ್ಲ.

"ಪತ್ರದ ಎರಡನೇ ಪ್ಯಾರಾ ಓದಿ," ಎಂದಳು.

"ಓದಾಯ್ತಲ್ಲಮ್ಮ."

"ಹುಂಡಿಗೆ ಎರಡು ಬೀಗ ಅಂತ ಬರೆದಿದೀನಿ. ಎರಡನ್ನೂ ಒಬ್ಬರೇ ತೆರೆದ್ರು ಅಂತ ಬರೆದಿದೀನಿ. ಎರಡನೇ ಬೀಗದ ಕೈ ಯಾರದ್ದು?"

ವಕೀಲರು ಎದ್ದು, ಬೀರುವಿನ ಬಾಗಿಲನ್ನು ಪಕ್ಕಕ್ಕೆ ಸರಿಸಿ, ಗೋಡೆಯ ಗಾಜಿನ ಮೇಲಿನ ಜೇಡರ ಬಲೆಯನ್ನು ಕರವಸ್ತ್ರದಿಂದ ಒರೆಸಿ ಗಟ್ಟಿಯಾಗಿ ಓದಿದರು. ಒಂದು ಬೀಗದ ಕೈ ಅಧ್ಯಕ್ಷರಲ್ಲಿ ಇರತಕ್ಕದ್ದು.

ಭಾನುವಾರ ಅಂಗಡಿಯಲ್ಲಿ ವ್ಯಾಪಾರ ಜೋರು, ಬರಲಾಗುವುದಿಲ್ಲ, ಅದಕ್ಕೆ ಮೇಷ್ಟ್ರ ಕೈಗೇ ಕೊಟ್ಟುಬಿಟ್ಟಿದ್ದೆ ಎಂದು ಅಧ್ಯಕ್ಷರು ಹೇಳಿದರು. ಯಾವಾಗ ಕೊಟ್ಟಿರಿ ಎಂದು ವಕೀಲರು ಕೇಳಿದರು. ಎರಡು ವರ್ಷ ಆಗಿರಬಹುದು. ಎರಡು ವರ್ಷದಲ್ಲಿ ಎಷ್ಟು ಎಣಿಕೆಗೆ ಬಂದಿದ್ದಿರಿ ಎಂದು ಕೇಳಿದರು. ಅಧ್ಯಕ್ಷರು ಲೆಕ್ಕ ಹಾಕುವವರಂತೆ ಸೂರು ನೋಡಿದರು. ಸೊನ್ನೆಯನ್ನು ಎಣಿಸಲು ಅಷ್ಟು ಹೊತ್ತು ಬೇಕಾಗುವುದಿಲ್ಲ ಎಂದು ಚಿಲ್ಲರೆಯಮ್ಮನಿಗೆ ಹೇಳಬೇಕೆನಿಸಿತು. ಬಾಗಿಲ ಬಳಿ ಗಂಡ ಬೆರಳು ಎತ್ತಿದ್ದ. ಸುಮ್ಮನಾದಳು.

ನಡವಳಿ ಪುಸ್ತಕದಲ್ಲಿ ಬರೆಯಬೇಕೆಂದಿದ್ದ ಸಾಲು ಬದಲಾಯಿತು. ಎರಡೂ ಬೀಗದ ಕೈಗಳು ಒಬ್ಬರಲ್ಲೇ ಇದ್ದವು ಎಂದು ಬರೆದರು, ಯಾಕೆ ಇದ್ದವು ಎಂಬುದನ್ನೂ ಬರೆದರು. ವಕೀಲರೂ ಹೊರಗಿನ ಒಬ್ಬ ಲೆಕ್ಕಪರಿಶೋಧಕರೂ ಕೂತು ತಾಳೆ ನೋಡುವುದೆಂದು ಠರಾವಾಯಿತು. ಬರೆಯುವಾಗ ಮೇಷ್ಟ್ರು ಎರಡು ಕಡೆ ವಿಭಕ್ತಿ ತಿದ್ದಿದರು, ಕೇಳಿಸಿಕೊಂಡೇ.

ತಾಳೆ ನೋಡಿದ ಫಲಿತಾಂಶ ಮುಂದಿನ ತಿಂಗಳು ಬೋರ್ಡಿಗೆ ಬಂತು. ಪೆನ್ಸಿಲಿನ ಎಂಟು ಮೊತ್ತಗಳಲ್ಲಿ ಐದು ಬ್ಯಾಂಕಿನ ಪುಸ್ತಕಕ್ಕೆ ಸರಿಹೊಂದಿದ್ದವು. ಎರಡು ತಿಂಗಳು ಬ್ಯಾಂಕಿನಲ್ಲಿ ಕಡಿಮೆ ಬಿದ್ದಿತ್ತು, ಒಟ್ಟು ಆರುನೂರ ಎಪ್ಪತ್ತು. ಒಂದು ತಿಂಗಳು ಮುನ್ನೂರು ಹೆಚ್ಚೇ ಕಟ್ಟಿದ್ದರು. ಎಣಿಕೆ ತಪ್ಪಿತ್ತೋ, ಮರು ಎಣಿಕೆ ತಪ್ಪಿತ್ತೋ, ಭಾವಮೈದನ ಮಿಶ್ರ ಕಟ್ಟುಗಳೋ, ವಿವರದ ಪಟ್ಟಿಯೇ ಇಲ್ಲದ್ದರಿಂದ ತಿಳಿಯುವುದು ಸಾಧ್ಯವಿಲ್ಲ ಎಂದು ಲೆಕ್ಕಪರಿಶೋಧಕರು ಬರೆದಿದ್ದರು. ಚಿಲ್ಲರೆಯಮ್ಮ ಅದನ್ನು ಎರಡು ಸಲ ಓದಿದಳು. ಬೋರ್ಡಿನಲ್ಲಿ ಇಷ್ಟು ವರ್ಷದಲ್ಲಿ ಕಂಡ ಮೊದಲ ನಿಯತ್ತಿನ ವಾಕ್ಯ ಎನಿಸಿತು.

ಬೀದಿಗೆ ಅದು ಸಾಲಲಿಲ್ಲ. ತರಕಾರಿ ಅಂಗಡಿಯಲ್ಲಿ, ಹಾಲಿನ ಬೂತಿನಲ್ಲಿ, ಬಸ್ ಸ್ಟಾಪಿನಲ್ಲಿ ಕೂಡ ಜನ ಅವಳ ಕಿವಿಯ ಹತ್ತಿರ ಬಾಗಿ, ಎಷ್ಟು ಹೊಡೆದರು ಎಂದು ಕೇಳುತ್ತಿದ್ದರು. ಹೊಡೆದರೋ ಇಲ್ಲವೋ ಗೊತ್ತಿಲ್ಲ ಎನ್ನುತ್ತಿದ್ದಳು. ಅವರ ಮುಖ, ಸಿನಿಮಾ ಅರ್ಧಕ್ಕೆ ನಿಂತವರ ಹಾಗೆ ಸಪ್ಪಗಾಗುತ್ತಿತ್ತು. ಹೂವಿನ ಅಂಗಡಿಯವಳಂತೂ, ಗೊತ್ತಿದ್ದೂ ಮುಚ್ಚಿಡುತ್ತಾಳೆ, ಇವಳಿಗೂ ಒಂದು ಪಾಲು ಸಿಕ್ಕಿರಬೇಕು ಎಂದು ಹೇಳಿಕೊಂಡು ಬಂದಳು. ನಾಲ್ಕು ಎಣಿಕೆಯಲ್ಲೂ ಪಕ್ಕದಲ್ಲೇ ಕೂತಿದ್ದವಳು, ಎಲ್ಲ ಖಾಲಿ ಹಾಳೆಗೂ ಸಹಿ ಹಾಕಿದವಳು. ಚಿಲ್ಲರೆಯಮ್ಮ ಅವಳಲ್ಲಿ ಹೂ ಕೊಳ್ಳುವುದನ್ನು ನಿಲ್ಲಿಸಲಿಲ್ಲ, ಚಿಲ್ಲರೆಯನ್ನು ಮಾತ್ರ ಅವಳ ಎದುರೇ ಎರಡೆರಡು ಸಲ ಎಣಿಸಿ ತೆಗೆದುಕೊಳ್ಳತೊಡಗಿದಳು.

ಟೈಲ್ಸ್ ಯಜಮಾನರು ಅಧ್ಯಕ್ಷರಾಗಿಯೇ ಉಳಿದರು. ಅಂಥವರು ಉಳಿಯುತ್ತಾರೆ. ಈಗ ತಿಂಗಳ ಮೊದಲ ಭಾನುವಾರ ಬೆಳಿಗ್ಗೆ ಬಂದು, ಬೀಗದ ಕೈಯನ್ನು ಎಲ್ಲರಿಗೂ ಕಾಣುವ ಹಾಗೆ ಎತ್ತಿ ಹಿಡಿದು, ಈ ಶಿಸ್ತನ್ನೆಲ್ಲ ತಾವೇ ತಂದದ್ದೆಂಬಂತೆ ಬೀಗ ತೆರೆಯುತ್ತಾರೆ. ವಿವರದ ಪಟ್ಟಿ ಇದೆ, ಸಹಿಗಳಿವೆ, ಸೋಮವಾರ ಸಂಜೆಗೆ ಚಲನ್ನಿನ ಪ್ರತಿ ಬೋರ್ಡಿನಲ್ಲಿರುತ್ತದೆ. ಎಣಿಕೆಯ ಸೇವೆಗೆ ಚಿಲ್ಲರೆಯಮ್ಮನನ್ನು ಮಾತ್ರ ಮತ್ತೆ ಕರೆಯಲಿಲ್ಲ. ಸದ್ಯಕ್ಕೆ ಜನ ಸಾಕಷ್ಟಿದ್ದಾರೆ ಎಂದು ಹೇಳಿಕಳುಹಿಸಿದರು. ಅವಳಿಗೆ ಎರಡು ದಿನ ಬೆರಳು ಜುಮುಗುಟ್ಟಿತು. ಮೂರನೆಯ ದಿನ, ಅಂಥವರ ಜೊತೆ ಜಮಖಾನದ ಮೇಲೆ ಕೂರುವುದಕ್ಕಿಂತ ಬೋರ್ಡಿನ ಮುಂದೆ ನಿಲ್ಲುವುದೇ ಮೇಲು ಎಂದುಕೊಂಡಳು. ಪ್ರತಿ ತಿಂಗಳೂ ಪಟ್ಟಿಯನ್ನು ಬಾಯಿಲೆಕ್ಕದಲ್ಲೇ ಕೂಡಿ ನೋಡುತ್ತಾಳೆ. ಒಮ್ಮೆ ಹತ್ತು ರೂಪಾಯಿಯ ಕೂಡಿಕೆ ತಪ್ಪು ಸಿಕ್ಕಿತು. ಎರಡು ಸಾಲಿನ ಪತ್ರ ಹೋಯಿತು, ತಿದ್ದುಪಡಿ ಬಂತು.

ಮೇಷ್ಟ್ರು ರಾಜೀನಾಮೆ ಕೊಟ್ಟರು, ತಾವಾಗಿಯೇ. ಅದನ್ನು ಟೈಪ್ ಮಾಡಿದವನು ಅವಳ ಗಂಡ, ದುಡ್ಡು ತೆಗೆದುಕೊಳ್ಳಲಿಲ್ಲ. ಎರಡು ತಿಂಗಳಲ್ಲಿ ಒಂದು ಕಣ್ಣಿನ ಆಪರೇಷನ್ ಆಯಿತು, ಇನ್ನೆರಡು ತಿಂಗಳಲ್ಲಿ ಇನ್ನೊಂದರದು. ಅದಾದ ಮೇಲೆ ಒಂದು ಸಂಜೆ ಮೇಷ್ಟ್ರು ಇವರ ಮನೆಯ ಮೆಟ್ಟಿಲು ಹತ್ತಿ ಬಂದರು. ಚಹಾ ಕುಡಿದರು. ಹವೆಯ ಬಗ್ಗೆ, ಕಣ್ಣಿಗೆ ಹಾಕುವ ಹನಿಯ ಬಗ್ಗೆ ಮಾತಾಡಿದರು. ಕೊನೆಗೆ, ಆ ಪತ್ರದ ಪ್ರತಿ ಇದ್ದರೆ ಕೊಡಿ, ನಾನು ಅದನ್ನು ಇನ್ನೂ ಓದಿಯೇ ಇಲ್ಲ ಅಂದರು.

ಚಿಲ್ಲರೆಯಮ್ಮ ಐದು ಸಹಿಗಳಿದ್ದ ಪ್ರತಿಯನ್ನು ತಂದು ಕೊಟ್ಟಳು. ಮೇಷ್ಟ್ರು ಹೊಸ ಕನ್ನಡಕ ಏರಿಸಿ ಕಿಟಕಿಯ ಬೆಳಕಿಗೆ ಹಿಡಿದು ಓದಿದರು. ಒಂದು ಸಾಲನ್ನೂ ಬಿಡಲಿಲ್ಲ. ಅವಳು ಎದುರು ಕೂತು, ಈಗ ಇವರು ಏನೋ ದೊಡ್ಡ ಮಾತು ಹೇಳಿ ಕಣ್ಣೊರೆಸಿಕೊಂಡರೆ ಏನಪ್ಪಾ ಗತಿ ಎಂದು ಕಾಯುತ್ತಿದ್ದಳು.

ಮೇಷ್ಟ್ರು ಜೇಬಿನಿಂದ ಕೆಂಪು ಪೆನ್ನು ತೆಗೆದರು.

"ದೃಢೀಕರಿಸಲೂ ಅನ್ನೋ ಕಡೆ ಢಕಾರ ಹೋಗಿ ಡಕಾರ ಆಗಿದೆ," ಎಂದರು. "ಯಾರು ಟೈಪ್ ಮಾಡಿದ್ದು?"

ಒಳಗಿನ ಕೋಣೆಯಿಂದ ಗಂಡ ಎದ್ದು ಬಂದ. ನಲವತ್ತು ವರ್ಷದಲ್ಲಿ ತನ್ನ ಟೈಪಿಂಗಿನಲ್ಲಿ ಯಾರೂ ತಪ್ಪು ಹಿಡಿದಿಲ್ಲ ಎಂದು, ಅವನ ಮಟ್ಟಿಗೆ ಬಹಳ ಉದ್ದವಾದ ಒಂದು ವಾಕ್ಯ ಹೇಳಿದ. ಮೇಷ್ಟ್ರು ಹಾಳೆಯನ್ನು ಅವನ ಮುಖಕ್ಕೆ ಹಿಡಿದರು. ಇಬ್ಬರೂ ಒಂದೇ ಅಕ್ಷರದ ಮೇಲೆ ಬಗ್ಗಿ ವಾದಕ್ಕೆ ನಿಂತರು. ಇವರಿಬ್ಬರಿಗೂ ಬುದ್ಧಿ ಬರುವ ವಯಸ್ಸು ದಾಟಿಹೋಯಿತು ಎಂದುಕೊಂಡು ಚಿಲ್ಲರೆಯಮ್ಮ ಲೋಟಗಳನ್ನು ಎತ್ತಿಕೊಂಡು ಒಳಗೆ ಹೋಗಿ, ಇನ್ನೊಂದು ಸುತ್ತು ಚಹಾಕ್ಕೆ ನೀರಿಟ್ಟಳು.